ವಾಚ್ ಹೇಳೋ ‘ಝೋನ್ 2’ ಅಂದ್ರೆ ಏನು?

ವಾಕಿಂಗ್ ಶುರು ಮಾಡಿದ್ದೀರಿ, ವಾಚ್‌ನಲ್ಲಿ ‘ಝೋನ್ 2’ ಅಂತ ಬರ್ತಿದೆ. ಏನದು?

ನಿಮಗೆ 50 ವರ್ಷ ಅಂದ್ಕೊಳ್ಳಿ. 220ರಲ್ಲಿ 50 ಕಳೆದರೆ 170. ಇದು ನಿಮ್ಮ ಗರಿಷ್ಠ ಎದೆಬಡಿತದ ಅಂದಾಜು. ಅದರ ಶೇ. 60ರಿಂದ 70, ಅಂದ್ರೆ ನಿಮಿಷಕ್ಕೆ 102ರಿಂದ 119, ಝೋನ್ 2. ಹೊಸಬರ ಬಿರುಸು ನಡಿಗೆಗೆ ಅಷ್ಟು ಸಾಕು.

ವಾಚ್ ಇಲ್ವಾ? ಹತ್ತು ನಿಮಿಷ ನಡೆದು ನಿಲ್ಲಿ. ತಕ್ಷಣ ಮಣಿಕಟ್ಟಿನ ನಾಡಿ ಹಿಡಿದು 15 ಸೆಕೆಂಡ್ ಎಣಿಸಿ, ನಾಲ್ಕರಿಂದ ಗುಣಿಸಿ. 28 ಬಂದರೆ 112, ಸರಿಯಾಗಿದೆ. 33 ಬಂದರೆ 132, ಸ್ವಲ್ಪ ನಿಧಾನ ಮಾಡಿ.

ಆದರೆ 220ರ ಲೆಕ್ಕ ಬರೀ ಸರಾಸರಿ. ನಿಮ್ಮ ನಿಜವಾದ ಗರಿಷ್ಠ ಹತ್ತು ಬಡಿತ ಆಚೀಚೆ ಇರಬಹುದು. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳೋರಿಗಂತೂ ಈ ಲೆಕ್ಕ ಹೊಂದೋದೇ ಇಲ್ಲ. ಆ ಮಾತ್ರೆ ಬಡಿತವನ್ನ ಹೆಚ್ಚು ಏರೋಕೆ ಬಿಡಲ್ಲ. ಅಂಥವರಿಗೆ ಮಾತೇ ಮೀಟರ್: ನಡೀತಾ ಪಕ್ಕದವರ ಜೊತೆ ಮಾತಾಡೋಕಾಗಬೇಕು, ಹಾಡೋಕೆ ಮಾತ್ರ ಉಸಿರು ಸಾಲಬಾರದು.