ಪರಿಚಯದ ಲೆಕ್ಕ ತಪಾಸಣೆ

ಮನೆಯ ಖರ್ಚುವೆಚ್ಚದ ಲೆಕ್ಕವನ್ನು ತಿಂಗಳಿಗೊಮ್ಮೆ ನೋಡುವವರು ನಮ್ಮಲ್ಲಿ ಬಹುಮಂದಿ ಉಂಟು. ತಮಗೆ ಯಾರು ಯಾರು ಗೊತ್ತು, ಯಾರು ಗೊತ್ತಿಲ್ಲ ಎಂಬ ಲೆಕ್ಕವನ್ನು ನೋಡಿದವರು ವಿರಳ. ನಾನೂ ನೋಡಿರಲಿಲ್ಲ. ಅದರ ನಷ್ಟವನ್ನು ತೆತ್ತವನು ನನ್ನೊಬ್ಬ ವಿದ್ಯಾರ್ಥಿ.

ಅವನು ಎಸ್.ಎಸ್.ಎಲ್.ಸಿ. ಮುಗಿಸಿದಾಗ ಅವನ ತಂದೆ ಅಲ್ಲಾಳಸಂದ್ರದ ನಮ್ಮ ಮನೆಗೆ ಬಂದು, "ಮುಂದೇನು ಓದಿಸಲಿ ಮೇಷ್ಟ್ರೇ?" ಎಂದು ಕೇಳಿದರು. ಹುಡುಗನಿಗೆ ಪುಸ್ತಕಕ್ಕಿಂತ ಸ್ಪ್ಯಾನರು ಚೆನ್ನಾಗಿ ಒಗ್ಗುತ್ತಿತ್ತು. ಆದರೂ ಪಿ.ಯು.ಸಿ.ಗೆ ಸೇರಿಸಿ ಎಂದೆ. ನನಗೆ ತಿಳಿದ ದಾರಿ ಅದೊಂದೇ. ಎರಡು ವರ್ಷ ಕಳೆದರೂ ಅವನು ತೇರ್ಗಡೆಯಾಗಲಿಲ್ಲ. ಆಮೇಲೊಂದು ಬೆಳಗ್ಗೆ ಕೆರೆ ಏರಿಯ ಮೇಲೆ ಜೊತೆಯಾದ ನಿವೃತ್ತ ಕಾರ್ಮಿಕರೊಬ್ಬರು ಮಾತಿನ ನಡುವೆ ಹೇಳಿದರು: ಯಲಹಂಕದ ರೈಲು ಗಾಲಿ ಕಾರ್ಖಾನೆಯವರು ಐ.ಟಿ.ಐ. ಮುಗಿಸಿದ ಹುಡುಗರನ್ನು ಅಪ್ರೆಂಟಿಸ್ ತರಬೇತಿಗೆ ತೆಗೆದುಕೊಳ್ಳುತ್ತಾರೆ, ಸ್ಟೈಪೆಂಡೂ ಉಂಟು. ಅದು ಕಾಯಂ ನೌಕರಿಯ ಭರವಸೆಯಲ್ಲ, ಆದರೆ ಕೈಗೊಂದು ಕಸುಬಾಗುತ್ತದೆ ಎಂದು. 1984ರಿಂದ ನೆರೆಯಲ್ಲೇ ನಡೆಯುತ್ತಿರುವ ಕಾರ್ಖಾನೆ. ಅದರೊಳಗಿನ ಒಬ್ಬರೂ ನನಗೆ ಗೊತ್ತಿರಲಿಲ್ಲ.

ಆ ರಾತ್ರಿ ಒಂದು ಹಾಳೆಯ ಮೇಲೆ, ಹಿಂದಿನ ಮೂರು ತಿಂಗಳಲ್ಲಿ ನಾನು ಸಲಹೆ ಕೇಳಿದ ಅಥವಾ ಹೇಳಿದ ಇಪ್ಪತ್ತು ಜನರ ಹೆಸರು ಬರೆದೆ. ಪ್ರತಿ ಹೆಸರಿನ ಎದುರಿಗೆ ಮೂರು ಕಲಮು: ಕಸುಬು, ವಯಸ್ಸು, ಉದ್ಯೋಗದಲ್ಲಿ ನನಗಿಂತ ಮೇಲೋ ಸಮವೋ ಕೆಳಗೋ. ನೀವೂ ಹೀಗೆ ಬರೆದು ನೋಡಿ. ನನ್ನ ಹಾಳೆಯಲ್ಲಿ ಹದಿಮೂರು ಮಂದಿ ಉಪಾಧ್ಯಾಯರು, ನಾಲ್ವರು ನೆಂಟರು, ಇಬ್ಬರು ಅಂಗಡಿಯವರು, ಒಬ್ಬರು ವೈದ್ಯರು. ಮೂವತ್ತು ವರ್ಷಕ್ಕೆ ಕೆಳಗಿನವರು ಒಬ್ಬರೂ ಇಲ್ಲ. ದಿನವೂ ಗಂಟೆ ಹೊಡೆಯುವ ಜವಾನನ ಹೆಸರೂ ಇಲ್ಲ. ಕೊನೆಗೆ ಇನ್ನೊಂದು ಪರೀಕ್ಷೆ: ಈ ಇಪ್ಪತ್ತರಲ್ಲಿ ಎಷ್ಟು ಮಂದಿ ಪರಸ್ಪರ ಬಲ್ಲವರು? ಬಹುಪಾಲು ಎಲ್ಲರೂ ಎಂದಾದರೆ, ಹಾಳೆ ತುಂಬಿದ್ದರೂ ಸುದ್ದಿ ಬರುವ ಬಾಗಿಲು ಒಂದೇ ಎಂದು ತಿಳಿಯಬೇಕು.

ಇದರ ಕಾರಣವನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ವಿವರಿಸಿದರು. ಬಾಸ್ಟನ್ ನಗರದ ಹತ್ತಿರ, ಪರಿಚಿತರ ಮೂಲಕ ಕೆಲಸ ಹಿಡಿದವರನ್ನು ಅವರು ವಿಚಾರಿಸಿದರು. ಪದೇ ಪದೇ ಕಾಣುವವರಿಂದ ನೆರವು ಪಡೆದವರು ನೂರಕ್ಕೆ ಸುಮಾರು 17 ಮಂದಿ ಮಾತ್ರ. ಉಳಿದವರಿಗೆಲ್ಲ ಅದು ಬಂದದ್ದು ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಕಾಣುವವರಿಂದ. ಆಪ್ತರಿಗೆ ಪ್ರೀತಿ ಕಡಿಮೆಯೆಂದಲ್ಲ. ನಾವು ಬಲ್ಲದ್ದನ್ನೇ ಅವರೂ ಬಲ್ಲರು, ಅಷ್ಟೆ.

ನಮ್ಮ ನಾಡಿಗೆ ಇದು ಹೊಸದಲ್ಲ. 1911ರಲ್ಲಿ ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಮೈಸೂರಿನಲ್ಲಿ ಏರ್ಪಟ್ಟ ಸಂಪದಭ್ಯುದಯ ಸಮಾಜವು ಅಧಿಕಾರಿಗಳನ್ನೂ ಬೇಸಾಯಗಾರರನ್ನೂ ವರ್ತಕರನ್ನೂ ಬೇಕೆಂದೇ ಒಂದೆಡೆ ಕೂಡಿಸಿತು. ಕನ್ನಡ ಪಂಡಿತನಾದ ನಾನು ನೆನೆಯಬೇಕಾದ ಸಂಗತಿ ಬೇರೊಂದುಂಟು: 1915ರಲ್ಲಿ ನಮ್ಮ ಸಾಹಿತ್ಯ ಪರಿಷತ್ತು ಹುಟ್ಟಿದ್ದೂ ಆ ಸಮಾಜದ ಪ್ರಯತ್ನದಿಂದಲೇ.

ಇನ್ನು ತೆರಪು ತುಂಬುವ ಬಗೆ. ಎಲ್ಲವನ್ನೂ ಒಮ್ಮೆಗೇ ತುಂಬಲು ಹೋಗಬೇಡಿ. ಮೂರು ತಿಂಗಳಿಗೆ ಎರಡು ಸಾಕು. ನಾನು ಆರಿಸಿದ್ದು ಕಾರ್ಖಾನೆ ಮತ್ತು ಕಿರಿಯ ವಯಸ್ಸು. ಏರಿಯ ಮೇಲಿನ ಆ ಹಿರಿಯರನ್ನೇ ಕೇಳಿಕೊಂಡು, ಈಗ ಪಾಳಿಯಲ್ಲಿ ದುಡಿಯುತ್ತಿರುವ ಅವರ ಅಣ್ಣನ ಮಗನನ್ನು ಕಂಡೆ. ಕಿರಿಯರಿಗಾಗಿ ಎದುರಿಗಿರುವ ಜಿ.ಕೆ.ವಿ.ಕೆ. ಆವರಣದ ಕೃಷಿ ಮೇಳಕ್ಕೆ ಹೋಗಿ, ಮಳಿಗೆಯಲ್ಲಿ ನಿಂತಿದ್ದ ವಿದ್ಯಾರ್ಥಿಯೊಬ್ಬಳನ್ನು ಮಾತನಾಡಿಸಿದೆ. ಮೊದಲ ಭೇಟಿಯಲ್ಲಿ ಕೇಳಬೇಕಾದದ್ದು ಉಪಕಾರವನ್ನಲ್ಲ, ಕೆಲಸದ ವಿಚಾರವನ್ನು: ನಿಮ್ಮ ದಿನ ಹೇಗೆ ಸಾಗುತ್ತದೆ, ಹೊಸಬರು ಒಳಗೆ ಬರುವುದು ಹೇಗೆ, ಹೊರಗಿನವರು ಯಾವುದನ್ನು ತಪ್ಪು ತಿಳಿದಿದ್ದಾರೆ? "ನಮ್ಮ ಹುಡುಗನಿಗೊಂದು ಕೆಲಸ ನೋಡಿ" ಎಂದು ಆಗಲೇ ಅಂದರೆ ಎರಡನೆಯ ಭೇಟಿ ನಡೆಯುವುದಿಲ್ಲ. ಕೆಲವರು ಹಿರಿಯ ಅಧಿಕಾರಿಗಳನ್ನೇ ಹುಡುಕಿಕೊಂಡು ಹೋಗುತ್ತಾರೆ, ಅದೂ ತಪ್ಪೇ. ಐ.ಟಿ.ಐ.ಗೆ ಅರ್ಜಿ ಹಾಕುವ ಕ್ರಮವನ್ನು ನನಗೆ ಸರಿಯಾಗಿ ತಿಳಿಸಿದವನು, ತಮ್ಮನನ್ನು ಅಲ್ಲಿ ಓದಿಸುತ್ತಿದ್ದ ನಮ್ಮ ಜವಾನ.

ಆರು ತಿಂಗಳಾದ ಮೇಲೆ ಹಾಳೆಯನ್ನು ಮತ್ತೆ ಬರೆಯಿರಿ. ಎರಡು ಸಲ ಮಾತಾಗಿದ್ದು, ನೀವು ಅವರನ್ನೂ ಅವರು ನಿಮ್ಮನ್ನೂ ಒಂದೊಂದು ವಿಷಯ ಕೇಳಿದ್ದರೆ ಮಾತ್ರ ಹೊಸ ಹೆಸರು ಸೇರಿಸಿ. ಬರಿಯ ಫೋನ್ ನಂಬರು ಲೆಕ್ಕಕ್ಕಿಲ್ಲ. ಇಂಥ ದೂರದ ಪರಿಚಯ ಸುದ್ದಿಯನ್ನು ತರಬಲ್ಲುದು. ಕಾಯಿಲೆಗೆ, ಸಾಲಕ್ಕೆ, ಜಾಮೀನಿಗೆ ಹತ್ತಿರದವರೇ ಬೇಕು.

ಆ ಹುಡುಗ ಈಗ ಐ.ಟಿ.ಐ.ಯಲ್ಲಿ ಫಿಟ್ಟರ್ ತರಬೇತಿಯ ಎರಡನೆಯ ವರ್ಷದಲ್ಲಿದ್ದಾನೆ. ಅವನು ಕಳೆದುಕೊಂಡ ಎರಡು ವರ್ಷಗಳು ನನ್ನ ಹಾಳೆಯ ಖರ್ಚಿನ ಕಡೆಗೇ ಉಳಿದಿವೆ.