ಚಿತ್ರದ ಎಡ, ರೋಗಿಯ ಬಲ

ನರ್ಸಿಂಗ್ ಮೊದಲ ವರ್ಷದ ಅಂಗರಚನಾಶಾಸ್ತ್ರದಲ್ಲಿ ಹೃದಯದ ಚಿತ್ರವನ್ನು ತಪ್ಪಿಸಿಕೊಂಡು ಹೋದ ವಿದ್ಯಾರ್ಥಿ ಸಿಗುವುದಿಲ್ಲ. ಉದ್ದುದ್ದ ಸೀಳಿ ಒಳಗನ್ನು ತೋರಿಸಿದ ಹೃದಯ, ಸುತ್ತ ಗೆರೆಗಳು, ಗೆರೆಯ ತುದಿಗೊಂದು ಅಂಕಿ, ಕೆಳಗೆ ನಾಲ್ಕು ಉತ್ತರಗಳಿರುವ ಪ್ರಶ್ನೆ. ನೋಡಿದರೆ ಹೆಸರು ಗುರುತಿಸುವ ಸುಲಭದ ಕೆಲಸ ಅನ್ನಿಸುತ್ತದೆ. ಆದರೆ ಇಂಥ ಪ್ರಶ್ನೆಗಳಲ್ಲಿ ಎರಡು ಜಾತಿ. ಚಿತ್ರದ ಯಾವ ಮೂಲೆಯಲ್ಲಿ ಯಾವ ಹೆಸರಿತ್ತು ಎಂಬ ನೆನಪನ್ನಷ್ಟೇ ಕೇಳುವುದು ಒಂದು. ರಕ್ತ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದು ಇನ್ನೊಂದು. ವಾರ್ಡಿನಲ್ಲಿ ಉಪಯೋಗಕ್ಕೆ ಬರುವುದು ಎರಡನೆಯದೇ.

ಒಂದು ಚಿತ್ರವನ್ನು ಎದುರಿಗಿಟ್ಟುಕೊಂಡೇ ಮಾತಾಡೋಣ. ಅದರಲ್ಲಿ ಎಂಟು ಅಂಕಿಗಳಿವೆ. ಚಿತ್ರದ ಮೇಲ್ಭಾಗದ ಎಡತುದಿಯಿಂದ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಬರೆಯುತ್ತ ಹೋಗಿದ್ದಾರೆ. 1, ತಲೆ ಮತ್ತು ತೋಳುಗಳಿಂದ ರಕ್ತ ತರುವ ಮೇಲಿನ ಮಹಾಅಭಿಧಮನಿ. 2, ಮಹಾಪಧಮನಿ. 3, ಶ್ವಾಸಕೋಶದ ಅಪಧಮನಿ. 4, ಶ್ವಾಸಕೋಶದ ಅಭಿಧಮನಿಗಳು. 5, ಎಡ ಹೃತ್ಕರ್ಣ. 6, ಎಡ ಹೃತ್ಕುಕ್ಷಿ. 7, ಬಲ ಹೃತ್ಕುಕ್ಷಿ. 8, ಬಲ ಹೃತ್ಕರ್ಣ. ಹೃತ್ಕರ್ಣವೆಂದರೆ ರಕ್ತವನ್ನು ಬರಮಾಡಿಕೊಳ್ಳುವ ಮೇಲಿನ ಕೋಣೆ, ಕಾಲೇಜಿನಲ್ಲಿ ಏಟ್ರಿಯಂ ಅನ್ನುತ್ತಾರೆ. ಹೃತ್ಕುಕ್ಷಿಯೆಂದರೆ ರಕ್ತವನ್ನು ಹೊರಕ್ಕೆ ನೂಕುವ ಕೆಳಗಿನ ಕೋಣೆ, ಅಂದರೆ ವೆಂಟ್ರಿಕಲ್.

ಮೊದಲ ಎಡವಟ್ಟು ಇಲ್ಲೇ ಆಗುತ್ತದೆ. 8 ಇರುವುದು ಕಾಗದದ ಎಡಭಾಗದಲ್ಲಿ, ಹೆಸರು ಮಾತ್ರ ಬಲ ಹೃತ್ಕರ್ಣ. ಚಿತ್ರದಲ್ಲಿರುವ ಮನುಷ್ಯ ನಮಗೆ ಎದುರಾಗಿ ನಿಂತಿದ್ದಾನೆ, ಆದ್ದರಿಂದ ಅವನ ಬಲ ನಮ್ಮ ಎಡಕ್ಕೆ ಬರುತ್ತದೆ. ಇದನ್ನು ಮರೆತವರು ಒಂದು ಹೆಸರನ್ನಲ್ಲ, ನಾಲ್ಕೂ ಕೋಣೆಗಳ ಹೆಸರನ್ನು ಅದಲುಬದಲು ಮಾಡುತ್ತಾರೆ. ಚಿತ್ರ ತಿರುವುಮುರುವಾಗಿ ಅಚ್ಚಾಗಿದ್ದರೂ ಪತ್ತೆಹಚ್ಚಲು ಒಂದು ಗುರುತಿದೆ: ಯಾವ ಹೃತ್ಕುಕ್ಷಿಯ ಗೋಡೆ ದಪ್ಪವೋ ಅದು ಎಡದ್ದು. ಆರೋಗ್ಯವಂತ ವಯಸ್ಕರಲ್ಲಿ ಎಡ ಹೃತ್ಕುಕ್ಷಿಯ ಗೋಡೆ ಸುಮಾರು ಒಂದು ಸೆಂಟಿಮೀಟರ್ ದಪ್ಪ, ಬಲದ್ದು ಅದರ ಮೂರನೇ ಒಂದರಷ್ಟು.

ಈ ದಪ್ಪವೇ ಒಂದು ಪ್ರಶ್ನೆಯಾಗುತ್ತದೆ. ‘6ರ ಗೋಡೆ 7ರ ಗೋಡೆಗಿಂತ ದಪ್ಪ, ಏಕೆ?’ ಹಲವರ ಕೈ ಹೋಗುವುದು ‘6 ಹೆಚ್ಚು ರಕ್ತವನ್ನು ಹೊರಹಾಕುತ್ತದೆ’ ಎಂಬ ಉತ್ತರದ ಕಡೆಗೆ. ಅದು ತಪ್ಪು. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ 72 ಬಡಿತವೆಂದರೆ ನಿಮಿಷಕ್ಕೆ 5 ಲೀಟರ್ ಚಿಲ್ಲರೆ ರಕ್ತ. ಬಲಗಡೆಯಿಂದ ಹೋಗುವುದೂ ಅಷ್ಟೇ, ಎಡಗಡೆಯಿಂದ ಹೋಗುವುದೂ ಅಷ್ಟೇ. ಎರಡೂ ಕಡೆಯ ಲೆಕ್ಕ ಸರಿದೂಗದಿದ್ದರೆ ರಕ್ತ ಎಲ್ಲಾದರೂ ಕಟ್ಟಿಕೊಳ್ಳಲೇಬೇಕು. ಎಡ ಹೃತ್ಕುಕ್ಷಿ ಸೋತವರಿಗೆ ಶ್ವಾಸಕೋಶದಲ್ಲಿ ನೀರು ತುಂಬಿ ಮಲಗಲಾರದಷ್ಟು ಉಬ್ಬಸ ಬರುವುದು ಇದೇ ಕಾರಣಕ್ಕೆ. ವ್ಯತ್ಯಾಸವಿರುವುದು ಒತ್ತಡದಲ್ಲಿ. ಬಲ ಹೃತ್ಕುಕ್ಷಿ ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ಸುಮಾರು 25 ಮಿ.ಮೀ. ಪಾದರಸದ ಒತ್ತಡದಲ್ಲಿ ರಕ್ತ ಕಳಿಸಿದರೆ ಸಾಕು. ಎಡ ಹೃತ್ಕುಕ್ಷಿ ಇಡೀ ದೇಹಕ್ಕೆ 120ರ ಒತ್ತಡದಲ್ಲಿ ತಳ್ಳಬೇಕು. ದುಡಿಮೆ ಹೆಚ್ಚಿದ್ದ ಕಡೆ ಸ್ನಾಯು ದಪ್ಪ.

ಮುಂದಿನ ಪ್ರಶ್ನೆ ದಾರಿಯದು. ‘1ರಿಂದ ಬಂದ ರಕ್ತ ಮಹಾಪಧಮನಿ ತಲುಪುವ ಸರಿಯಾದ ಕ್ರಮ ಯಾವುದು?’

ಎ) 8, 7, 3, 4, 5, 6, 2
ಬಿ) 8, 7, 4, 3, 5, 6, 2
ಸಿ) 5, 6, 3, 4, 8, 7, 2
ಡಿ) 8, 5, 6, 2

ಉತ್ತರ ಎ. ಆದರೆ ಪ್ರಶ್ನೆ ತೆಗೆದವರ ಕೈಚಳಕ ಇರುವುದು ಉಳಿದ ಮೂರರಲ್ಲಿ. ಸಿ ಬರೆದವರು ಎಡಬಲ ತಪ್ಪಿದ್ದಾರೆ, ಮಿಕ್ಕ ದಾರಿ ಅವರಿಗೆ ಗೊತ್ತಿದೆ. ಡಿ ಬರೆದವರ ತಲೆಯಲ್ಲಿ ಎರಡು ಹೃತ್ಕರ್ಣಗಳ ನಡುವೆ ಬಾಗಿಲಿದೆ, ಅವರು ಶ್ವಾಸಕೋಶವನ್ನೇ ಬಿಟ್ಟಿದ್ದಾರೆ. ಬಿ ಬರೆದವರು ಶ್ವಾಸಕೋಶದ ಅಪಧಮನಿಯನ್ನೂ ಅಭಿಧಮನಿಯನ್ನೂ ಅದಲುಬದಲು ಮಾಡಿದ್ದಾರೆ. ಇದಕ್ಕೆ ಶಾಲೆಯ ಪಾಠವೇ ಕಾರಣ. ಅಪಧಮನಿಯಲ್ಲಿ ಶುದ್ಧ ರಕ್ತ, ಅಭಿಧಮನಿಯಲ್ಲಿ ಅಶುದ್ಧ ರಕ್ತ ಎಂದು ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿರುತ್ತಾರೆ. ಚಿತ್ರದಲ್ಲಿ 3ಕ್ಕೆ ನೀಲಿ ಬಣ್ಣ, 4ಕ್ಕೆ ಕೆಂಪು. ನೀಲಿ ಕಂಡ ತಕ್ಷಣ ಅಭಿಧಮನಿ ಅನ್ನುತ್ತಾರೆ. ನಿಜವಾದ ನಿಯಮ ಬಣ್ಣದ್ದಲ್ಲ, ದಿಕ್ಕಿನದು. ಹೃದಯದಿಂದ ಹೊರಗೆ ಒಯ್ಯುವುದು ಅಪಧಮನಿ, ಹೃದಯಕ್ಕೆ ತರುವುದು ಅಭಿಧಮನಿ. ಶ್ವಾಸಕೋಶಕ್ಕೆ ಹೋಗುವ ರಕ್ತದಲ್ಲಿ ಆಮ್ಲಜನಕ ಕಡಿಮೆ ಇರಲೇಬೇಕು, ಅದನ್ನು ತುಂಬಿಸಿಕೊಳ್ಳಲೆಂದೇ ಅದು ಅಲ್ಲಿಗೆ ಹೊರಟಿರುವುದು.

ಅರವತ್ತು ಮಂದಿಯ ತರಗತಿಯಲ್ಲಿ ಈ ಪ್ರಶ್ನೆ ಕೊಟ್ಟರು ಎಂದುಕೊಳ್ಳಿ. 33 ಮಂದಿ ಎ, 21 ಮಂದಿ ಬಿ, 5 ಮಂದಿ ಸಿ, ಒಬ್ಬರು ಡಿ ಬರೆದರು. ಅರ್ಧಕ್ಕಿಂತ ಹೆಚ್ಚು ಸರಿ ಎಂದು ಅಂಕ ಹಾಕಿ ಕಟ್ಟಿಟ್ಟರೆ ಮುಖ್ಯ ಸುದ್ದಿಯೇ ಕೈತಪ್ಪುತ್ತದೆ. ತಪ್ಪಿದ 27 ಮಂದಿಯಲ್ಲಿ 21 ಮಂದಿಗೆ ಒಂದೇ ಗೊಂದಲ, ಆ ಒಂದು ವಿಷಯವನ್ನು ಮತ್ತೆ ಹೇಳಿಕೊಟ್ಟರೆ ಸಾಕು. ಡಿ ಅನ್ನು ಬಹುತೇಕ ಯಾರೂ ಮುಟ್ಟಿಲ್ಲ, ಮುಂದಿನ ಸಲ ಅದರ ಜಾಗಕ್ಕೆ ಬೇರೆ ಉತ್ತರ ಬೇಕು. ಇನ್ನೊಂದು ಅನುಮಾನವನ್ನೂ ಪಡಬೇಕು. ಉಳಿದ ಪ್ರಶ್ನೆಗಳಲ್ಲಿ ಚೆನ್ನಾಗಿ ಅಂಕ ತೆಗೆದವರೂ ಬಿ ಬರೆದಿದ್ದರೆ, ತಪ್ಪು ಅವರದಲ್ಲದೆ ಚಿತ್ರದ್ದೂ ಆಗಿರಬಹುದು. ಬಣ್ಣದ ಚಿತ್ರವನ್ನು ಕಪ್ಪುಬಿಳುಪು ಜೆರಾಕ್ಸ್ ಮಾಡಿದರೆ ನೀಲಿ, ಕೆಂಪು ಎರಡೂ ಬೂದಿ ಬಣ್ಣವಾಗುತ್ತವೆ. ಶ್ವಾಸಕೋಶದ ಅಪಧಮನಿಯ ಎಡಕವಲು ಮತ್ತು ಅಭಿಧಮನಿಗಳು ಒಂದರ ಕೆಳಗೊಂದು ಇರುವುದರಿಂದ, ಗೆರೆ ಒಂದಿಷ್ಟು ಮೋಟಾದರೂ ಯಾವುದನ್ನು ತೋರಿಸುತ್ತಿದೆ ಎಂದು ಹೇಳಲಾಗದು. ಗೆರೆಯ ತುದಿ ಅಂಗದ ಒಳಗೇ ಹೋಗಿ ಒಂದು ಚುಕ್ಕೆಯಲ್ಲಿ ನಿಂತಿರಬೇಕು. ಅಂಕಿಗಳೂ ರಕ್ತ ಹರಿಯುವ ಕ್ರಮದಲ್ಲೇ 1, 2, 3 ಎಂದು ಇರಬಾರದು. ಹಾಗಿದ್ದರೆ ಏನೂ ಓದದವರೂ ಸರಿಯುತ್ತರ ಬರೆಯುತ್ತಾರೆ.

ಇನ್ನು ಇದೇ ಚಿತ್ರ ಮಂಚದ ಪಕ್ಕಕ್ಕೆ ಬಂದಾಗ ಏನಾಗುತ್ತದೆ ನೋಡಿ. ‘ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಯಾಗಿ ಹಾಸಿಗೆ ಹಿಡಿದ ಮಹಿಳೆಗೆ ಒಂದು ಮೀನಖಂಡ ಊದಿಕೊಂಡು ನೋಯುತ್ತಿದೆ. ಇದ್ದಕ್ಕಿದ್ದಂತೆ ಉಸಿರುಕಟ್ಟಿ, ನಾಡಿ ಓಡತೊಡಗಿತು. ಕಾಲಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಬಂದಿದ್ದರೆ, ಅದು ಸಿಕ್ಕಿಕೊಂಡಿರುವ ಜಾಗ ಯಾವುದು?’ ಆಯ್ಕೆಗಳು 2, 3, 4, 6.

ಉತ್ತರವನ್ನು ಹೀಗೆ ಹಿಡಿಯಬೇಕು. ಕಾಲಿನಿಂದ ಬರುವ ರಕ್ತ ಕೆಳಗಿನ ಮಹಾಅಭಿಧಮನಿಯಿಂದ 8ಕ್ಕೆ ಬೀಳುತ್ತದೆ. 8 ಮತ್ತು 7 ಅಗಲವಾದ ಕೋಣೆಗಳು, ಹೆಪ್ಪು ಸಾಮಾನ್ಯವಾಗಿ ದಾಟಿಕೊಂಡು ಹೋಗುತ್ತದೆ. 3ರಿಂದಾಚೆಗೆ ನಾಳ ಕವಲೊಡೆಯುತ್ತ ಸಣ್ಣದಾಗುತ್ತ ಹೋಗುತ್ತದೆ. ಹೆಪ್ಪಿನ ಗಾತ್ರಕ್ಕಿಂತ ನಾಳ ಕಿರಿದಾದ ಕಡೆ ಅದು ಬಿರಡೆಯಂತೆ ಕೂರುತ್ತದೆ. ಆದ್ದರಿಂದ ಉತ್ತರ 3, ಅಥವಾ ಅದರ ಕವಲು. 4, 6, 2 ತಲುಪಬೇಕಾದರೆ ಶ್ವಾಸಕೋಶದ ಕೂದಲಿಗಿಂತ ಸಣ್ಣ ಲೋಮನಾಳಗಳಲ್ಲಿ ನುಸುಳಬೇಕು, ಅದು ಆಗದ ಮಾತು. ಊದಿದ ಮೀನಖಂಡವನ್ನು ತಿಕ್ಕಬಾರದು ಎಂದು ನರ್ಸ್ ಮನೆಯವರಿಗೆ ತಾಕೀತು ಮಾಡುವುದರ ಹಿಂದೆ ಇರುವುದು ಈ 8, 7, 3ರ ದಾರಿಯೇ.

ಇದರ ಜೋಡಿ ಪ್ರಶ್ನೆಯಲ್ಲಿ ಹೆಪ್ಪು 5ರಲ್ಲಿ ಕಟ್ಟಿರುತ್ತದೆ. ಏಟ್ರಿಯಲ್ ಫಿಬ್ರಿಲೇಶನ್ ಎಂಬ ತಾಳತಪ್ಪಿದ ಬಡಿತವಿರುವವರಲ್ಲಿ ಎಡ ಹೃತ್ಕರ್ಣದ ಮೂಲೆಯಲ್ಲಿ ರಕ್ತ ನಿಂತು ಗಟ್ಟಿಯಾಗಬಹುದು. ಅಲ್ಲಿಂದ ಕಿತ್ತರೆ 6, 2, ಆಮೇಲೆ ಮಿದುಳು. ಉಸಿರುಕಟ್ಟುವ ಬದಲು ಬಾಯಿ ಸೊಟ್ಟಗಾಗುತ್ತದೆ, ಒಂದು ಕೈ ಬಿದ್ದುಹೋಗುತ್ತದೆ. ಇದಕ್ಕೊಂದು ಅಪವಾದವೂ ಉಂಟು. ಹುಟ್ಟುವ ಮೊದಲು ಎರಡು ಹೃತ್ಕರ್ಣಗಳ ನಡುವೆ ಇರುವ ಕಿಂಡಿ ಸುಮಾರು ನಾಲ್ವರಲ್ಲಿ ಒಬ್ಬ ವಯಸ್ಕರಿಗೆ ಪೂರ್ತಿ ಮುಚ್ಚಿರುವುದಿಲ್ಲ. ಅಂಥವರಲ್ಲಿ ಕಾಲಿನ ಹೆಪ್ಪು ಅಪರೂಪಕ್ಕೆ ಆ ಕಿಂಡಿಯಿಂದ ನುಗ್ಗಿ ಮಿದುಳಿಗೆ ಹೋಗಬಹುದು. ಆದ್ದರಿಂದ ಜಾಣ ಪ್ರಶ್ನೆಗಾರರು ‘ಹೃದಯದ ರಚನೆ ಸಹಜವಾಗಿದ್ದರೆ’ ಎಂದು ಸೇರಿಸುತ್ತಾರೆ.

ಚಿತ್ರವನ್ನೇ ನಂಬಿ ಕೆಡುವ ಜಾಗ ಒಂದಿದೆ: ಹೃದಯದ ಸದ್ದು ಕೇಳುವುದು. 6ರ ಬಾಯಲ್ಲಿ, ಅದು ಮತ್ತು 2ರ ನಡುವೆ ಮಹಾಪಧಮನಿಯ ಕವಾಟವಿದೆ. ಚಿತ್ರದಲ್ಲಿ ಅದು ಎದೆಮೂಳೆಯ ಹಿಂದೆ, ಹೆಚ್ಚುಕಡಿಮೆ ನಡುವಿನಲ್ಲಿ. ‘ಈ ಕವಾಟದ ಸದ್ದು ಚೆನ್ನಾಗಿ ಕೇಳುವುದೆಲ್ಲಿ?’ ಎಂದರೆ ವಿದ್ಯಾರ್ಥಿ ಅದರ ನೇರ ಮುಂದೆ ಗುರುತು ಹಾಕುತ್ತಾರೆ. ಸರಿಯುತ್ತರ ಎದೆಮೂಳೆಯ ಬಲ ಅಂಚಿನಲ್ಲಿ, ಎರಡು ಮತ್ತು ಮೂರನೇ ಪಕ್ಕೆಲುಬುಗಳ ಸಂದು. ಸದ್ದು ರಕ್ತ ಹೋಗುವ ಕಡೆಗೆ ಸಾಗುತ್ತದೆ. ಮಹಾಪಧಮನಿ ಮೇಲಕ್ಕೆ, ಬಲಕ್ಕೆ ಏಳುವುದರಿಂದ ಸ್ಟೆತಾಸ್ಕೋಪನ್ನೂ ಅಲ್ಲಿಗೆ ಒಯ್ಯಬೇಕು. ಅದೇ ರೀತಿ 5 ಮತ್ತು 6ರ ನಡುವಿನ ಮಿಟ್ರಲ್ ಕವಾಟ ಕೇಳುವುದು ಹೃದಯದ ತುದಿಯಲ್ಲಿ. ವಯಸ್ಕರಲ್ಲಿ ಅದು ಎಡಗಡೆ ಐದು ಮತ್ತು ಆರನೇ ಪಕ್ಕೆಲುಬುಗಳ ಸಂದಿನಲ್ಲಿ, ಕಾಲರ್ ಬೋನಿನ ನಡುವಿನಿಂದ ಇಳಿಬಿಟ್ಟ ಗೆರೆಯ ಮೇಲೆ.

ಈ ಜಾಗವನ್ನು ನರ್ಸ್ ಬೆರಳಿನಿಂದ ಎಣಿಸಿಯೇ ಹಿಡಿಯುತ್ತಾರೆ. ಎದೆಮೂಳೆಯ ಮೇಲಿನ ಉಬ್ಬು ಗೆರೆಗೆ ಎರಡನೇ ಪಕ್ಕೆಲುಬು ಕೂಡುತ್ತದೆ. ಅದರ ಕೆಳಗಿನ ಸಂದು ಎರಡನೆಯದು. ಅಲ್ಲಿಂದ ಮೂರು, ನಾಲ್ಕು, ಐದು ಎಂದು ಇಳಿಯಬೇಕು. ಡಿಗಾಕ್ಸಿನ್ ಮಾತ್ರೆ ಕೊಡುವ ಮುನ್ನ ಇಲ್ಲೇ ಸ್ಟೆತಾಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸುವುದು ರೂಢಿ. ವಯಸ್ಕರಲ್ಲಿ ಬಡಿತ 60ಕ್ಕಿಂತ ಕಡಿಮೆ ಬಂದರೆ ಮಾತ್ರೆ ತಡೆದು ವೈದ್ಯರಿಗೆ ತಿಳಿಸುತ್ತಾರೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ತಾಳ ತಪ್ಪಿದ ಬಡಿತದ ಲೆಕ್ಕ ಸಿಗುವುದಿಲ್ಲ.

ಚಪ್ಪಟೆ ಕಾಗದಕ್ಕೆ ತನ್ನದೇ ಮಿತಿಯೂ ಇದೆ. ಅದರಲ್ಲಿ ನಾಲ್ಕು ಕೋಣೆಗಳೂ ಒಂದೇ ಸಾಲಿನಲ್ಲಿ ಕಾಣುತ್ತವೆ. ಎದೆಯೊಳಗೆ ಹಾಗಿಲ್ಲ. ಹೃದಯ ತಿರುಚಿಕೊಂಡು ಕೂತಿರುವುದರಿಂದ ಮುಂದೆ, ಎದೆಮೂಳೆಗೆ ತಾಗಿದಂತೆ ಇರುವುದು ಬಹುಪಾಲು 7. 5 ಬೆನ್ನಿನ ಕಡೆಗಿದೆ, ಅನ್ನನಾಳ ಅದರ ಹಿಂದೆಯೇ ಹಾದುಹೋಗುತ್ತದೆ. ಅದಕ್ಕೇ ಎಡ ಹೃತ್ಕರ್ಣದಲ್ಲಿ ಹೆಪ್ಪಿದೆಯೇ ಎಂದು ಸ್ಪಷ್ಟವಾಗಿ ನೋಡಬೇಕಾದಾಗ ವೈದ್ಯರು ಎಕೋ ನಳಿಕೆಯನ್ನು ಬಾಯಿಯ ಮೂಲಕ ಅನ್ನನಾಳಕ್ಕೆ ಇಳಿಸುತ್ತಾರೆ. ಹೆಸರು ಬರೆದ ಚಿತ್ರ ಕಲಿತ ಮೇಲೆ, ಹೆಸರಿಲ್ಲದ ಚಿತ್ರದ ಮೇಲೆ ಕೈಯಾರೆ ಬಾಣ ಎಳೆಯುವುದು, ನಂತರ ಅದೇ ಹೃದಯವನ್ನು ಹಿಂದಿನಿಂದ ನೋಡಿದರೆ ಯಾವ ಅಂಕಿ ಎಲ್ಲಿಗೆ ಬರುತ್ತದೆ ಎಂದು ಗುರುತಿಸುವುದು ಮುಂದಿನ ಮೆಟ್ಟಿಲು. ಹಿಂದಿನಿಂದ ನೋಡುವಾಗ 5 ಎದುರಿಗೆ ಬರುತ್ತದೆ, ರೋಗಿಯ ಎಡ ನಮ್ಮ ಎಡವೇ ಆಗುತ್ತದೆ. ಮುಂದಿನ ಚಿತ್ರವನ್ನು ಬಾಯಿಪಾಠ ಮಾಡಿದವರು ಅಲ್ಲಿ ಸಿಕ್ಕಿಬೀಳುತ್ತಾರೆ, ರಕ್ತದ ದಾರಿ ಹಿಡಿದವರಿಗೆ ಎರಡೂ ಒಂದೇ.