ಚಂಡಮಾರುತ ಎಡಕ್ಕೇಕೆ, ಬಲಕ್ಕೇಕೆ?

ಮಾನಂತವಾಡಿಯಿಂದ ಬರುವ ರಸ್ತೆಯು ಕಾಟ್ಟಿಕುಳಂನಲ್ಲಿ ಕವಲೊಡೆದು, ಒಂದು ಬಾವಲಿಯ ಮೇಲೆ ಮೈಸೂರು ಕಡೆಗೂ ಇನ್ನೊಂದು ತೋಲ್ಪೆಟ್ಟಿಯ ಮೇಲೆ ಕೊಡಗಿನ ಕಡೆಗೂ ಹೋಗುವುದು ನಮ್ಮ ಓದುಗರಿಗೆ ತಿಳಿದದ್ದೇ. ಆ ಕವಲಿನ ಚಹದಂಗಡಿಯಲ್ಲಿ ಹಿರಿಯ ಬೆಳೆಗಾರರೊಬ್ಬರು ನಮ್ಮನ್ನು ತಡೆದು ಕೇಳಿದರು: “ಸ್ವಾಮೀ, ಮೊಮ್ಮಗ ಒಂದು ಚಿತ್ರ ತೋರಿಸಿದ. ಸಮುದ್ರದ ಮೇಲೆ ಎರಡು ಚಂಡಮಾರುತ, ಒಂದರ ಕೆಳಗೊಂದು. ಒಂದು ಎಡಕ್ಕೆ ಸುತ್ತಿದರೆ ಮತ್ತೊಂದು ಬಲಕ್ಕೆ. ಭೂಮಿ ತಿರುಗುವುದು ಒಂದೇ ಕಡೆಗಲ್ಲವೆ? ಗಾಳಿ ಎರಡು ಕಡೆಗೆ ಸುತ್ತುವುದು ಹೇಗೆ? ಮತ್ತೆ, ಕಣದಲ್ಲಿ ಕಾಫಿ ಹರಡಿದವನಿಗೆ ಇದರಿಂದ ಏನಾದರೂ ಗೊತ್ತಾಗುವುದುಂಟೆ?”

ಪ್ರಶ್ನೆ ಎರಡು. ಎರಡಕ್ಕೂ ಉತ್ತರವುಂಟು.

ಅವರು ನೋಡಿದ ಚಿತ್ರ 2022ನೆಯ ಇಸವಿ ಮೇ ತಿಂಗಳಿನದು. ಆಗ ಬಂಗಾಳ ಕೊಲ್ಲಿಯಲ್ಲಿ ‘ಅಸಾನಿ’ ಎಂಬ ಚಂಡಮಾರುತವೂ, ಭೂಮಧ್ಯರೇಖೆಯಿಂದಾಚೆ ಹಿಂದೂ ಮಹಾಸಾಗರದಲ್ಲಿ ‘ಕರೀಮ್’ ಎಂಬ ಇನ್ನೊಂದೂ ಏಕಕಾಲದಲ್ಲಿ ಎದ್ದಿದ್ದವು. ಉಪಗ್ರಹದಿಂದ ತೆಗೆದ ಚಿತ್ರದಲ್ಲಿ ಎರಡೂ ಒಟ್ಟಿಗೆ ಕಾಣುತ್ತವೆ. ದೇವಸ್ಥಾನದಲ್ಲಿ ಪ್ರದಕ್ಷಿಣೆ ಬರುವಾಗ ಗರ್ಭಗುಡಿ ನಮ್ಮ ಬಲಗಡೆಗಿರುತ್ತದೆ. ದಕ್ಷಿಣದ ಕರೀಮ್ ಸುತ್ತಿದ್ದು ಹೀಗೆಯೆ, ಪ್ರದಕ್ಷಿಣವಾಗಿ. ಉತ್ತರದ ಅಸಾನಿ ಸುತ್ತಿದ್ದು ಅಪ್ರದಕ್ಷಿಣವಾಗಿ, ನಡುವನ್ನು ಎಡಗಡೆಗೆ ಇಟ್ಟುಕೊಂಡು. ಈ ಎಡ ಬಲದ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಬೇಕಾಗುತ್ತದೆ.

ಮೊದಲು ಭೂಮಿಯ ತಿರುಗಾಟವನ್ನು ನೋಡೋಣ. ಒಂದು ಕಿತ್ತಳೆ ಹಣ್ಣನ್ನು ತೊಟ್ಟಿನಿಂದ ಬುಡದವರೆಗೆ ಕಡ್ಡಿಯಿಂದ ಚುಚ್ಚಿ ಒಂದೇ ಕಡೆಗೆ ತಿರುಗಿಸಿರಿ. ತೊಟ್ಟಿನ ಮೇಲಿನಿಂದ ನೋಡುವವನಿಗೆ ಅದು ಅಪ್ರದಕ್ಷಿಣವಾಗಿ ತಿರುಗುತ್ತಿದ್ದರೆ, ಬುಡದ ಕಡೆಯಿಂದ ನೋಡುವವನಿಗೆ ಪ್ರದಕ್ಷಿಣವಾಗಿ ತಿರುಗುವಂತೆ ಕಾಣುತ್ತದೆ. ಹಣ್ಣು ಬದಲಾಗಲಿಲ್ಲ, ತಿರುಗಿಸುವ ಕೈಯೂ ಬದಲಾಗಲಿಲ್ಲ, ನೋಡುವ ಕಡೆ ಮಾತ್ರ ಬದಲಾಯಿತು. ಭೂಮಿಯ ಮೇಲೂ ಹೀಗೆಯೆ. ಉತ್ತರಾರ್ಧದಲ್ಲಿ ನಿಂತವನ ಕಾಲ ಕೆಳಗಿನ ನೆಲ ಅಪ್ರದಕ್ಷಿಣವಾಗಿಯೂ, ದಕ್ಷಿಣಾರ್ಧದಲ್ಲಿ ನಿಂತವನ ನೆಲ ಪ್ರದಕ್ಷಿಣವಾಗಿಯೂ ಮೆಲ್ಲಗೆ ತಿರುಗುತ್ತಿರುತ್ತದೆ. ಧ್ರುವದಲ್ಲಿ ಈ ಸುತ್ತು ಒಂದು ದಿನಕ್ಕೆ ಒಂದು. ಧ್ರುವದಿಂದ ದೂರ ಬಂದಷ್ಟೂ ಅದು ನಿಧಾನವಾಗುತ್ತದೆ. ಭೂಮಧ್ಯರೇಖೆಯಿಂದ ಸುಮಾರು 12 ಡಿಗ್ರಿ ಉತ್ತರಕ್ಕಿರುವ ಕಾಟ್ಟಿಕುಳಂನ ನೆಲಕ್ಕೆ ಒಂದು ಸುತ್ತು ಮುಗಿಸಲು ಐದು ದಿನಗಳಿಗೆ ತುಸು ಕಡಿಮೆ ಬೇಕು. ಭೂಮಧ್ಯರೇಖೆಯ ಮೇಲಿನ ನೆಲ ಪೂರ್ವಕ್ಕೆ ಸಾಗುತ್ತದೆಯೇ ಹೊರತು ತನ್ನಲ್ಲೇ ತಾನು ಸುತ್ತುವುದಿಲ್ಲ.

ಹೀಗೆ ನೆಲ ತಿರುಗುವುದರಿಂದ ಗಾಳಿಗೆ ಏನಾಗುತ್ತದೆ? ಮನೆಯಲ್ಲೇ ಮಾಡಿ ನೋಡಬಹುದು. ದುಂಡಗೆ ಕತ್ತರಿಸಿದ ರಟ್ಟನ್ನು ನಡುವೆ ಮೊಳೆ ಹೊಡೆದು ಹಲಗೆಯ ಮೇಲೆ ಸಡಿಲವಾಗಿ ನಿಲ್ಲಿಸಿರಿ. ಮಕ್ಕಳಲ್ಲಿ ಒಬ್ಬರು ಅದನ್ನು ಅಪ್ರದಕ್ಷಿಣವಾಗಿ ಮೆಲ್ಲನೆ ತಿರುಗಿಸಲಿ. ಇನ್ನೊಬ್ಬರು ಅಳತೆಪಟ್ಟಿಯೊಂದನ್ನು ರಟ್ಟಿಗೆ ತಾಗದಂತೆ ಅಲ್ಲಾಡಿಸದೆ ಹಿಡಿದು, ಅದರ ಅಂಚಿನುದ್ದಕ್ಕೆ ನಡುವಿನಿಂದ ಹೊರಗೆ ನೇರವಾಗಿ ಪೆನ್ಸಿಲು ಎಳೆಯಲಿ. ಕೈ ನೇರ ಹೋಯಿತು, ಆದರೆ ರಟ್ಟಿನ ಮೇಲೆ ಮೂಡಿದ ಗೆರೆ ಬಲಕ್ಕೆ ಬಾಗಿದೆ. ರಟ್ಟನ್ನು ಪ್ರದಕ್ಷಿಣವಾಗಿ ತಿರುಗಿಸಿದರೆ ಗೆರೆ ಎಡಕ್ಕೆ ಬಾಗುತ್ತದೆ. ಗಾಳಿಯೇ ಪೆನ್ಸಿಲು, ನೆಲವೇ ರಟ್ಟು. ಗಾಳಿ ಯಾವ ದಿಕ್ಕಿಗೆ ಹೊರಟರೂ ಉತ್ತರಾರ್ಧದಲ್ಲಿ ತನ್ನ ಬಲಕ್ಕೆ, ದಕ್ಷಿಣಾರ್ಧದಲ್ಲಿ ತನ್ನ ಎಡಕ್ಕೆ ಬಾಗುತ್ತದೆ. ತಿರುಗುವ ಯಂತ್ರಗಳ ಲೆಕ್ಕವನ್ನು ಶೋಧಿಸುತ್ತಿದ್ದ ಕೊರಿಯೋಲಿ ಎಂಬ ಫ್ರೆಂಚ್ ಪಂಡಿತ 1835ರಲ್ಲಿ ಇದರ ಗಣಿತವನ್ನು ಬರೆದುದರಿಂದ ಇದಕ್ಕೆ ಕೊರಿಯೋಲಿ ಪರಿಣಾಮವೆಂದು ಹೆಸರಾಯಿತು.

ಇಲ್ಲಿ ಹಲವರು ಎಡವುತ್ತಾರೆ. ನಮ್ಮ ಕಡೆ ಗಾಳಿ ಬಲಕ್ಕೆ ಬಾಗುವುದಾದರೆ ಚಂಡಮಾರುತವೂ ಬಲಕ್ಕೆ ಸುತ್ತಬೇಕಲ್ಲವೆ, ಅದು ಎಡಕ್ಕೆ ಸುತ್ತುವುದೇಕೆ?

ಬಯಲಿನ ನಡುವೆ ಒಂದು ಕಂಬ ನೆಟ್ಟಿದೆ ಎಂದುಕೊಳ್ಳಿರಿ. ನಾಲ್ಕೂ ಕಡೆಯಿಂದ ನಾಲ್ವರು ಹುಡುಗರು ಕಂಬವನ್ನು ಮುಟ್ಟಲು ಓಡಿ ಬರುತ್ತಾರೆ. ಆದರೆ ಪ್ರತಿಯೊಬ್ಬನೂ ತನ್ನ ಬಲಕ್ಕೆ ಸ್ವಲ್ಪ ಸ್ವಲ್ಪವೇ ಸರಿಯುತ್ತಾನೆ. ದಕ್ಷಿಣದಿಂದ ಬಂದವನು ಕಂಬವನ್ನು ತಪ್ಪಿ ಅದರ ಪೂರ್ವಕ್ಕೆ ಹಾಯುತ್ತಾನೆ. ಉತ್ತರದಿಂದ ಬಂದವನು ಪಶ್ಚಿಮಕ್ಕೆ ಹಾಯುತ್ತಾನೆ. ಉಳಿದಿಬ್ಬರದೂ ಇದೇ ಪಾಡು. ಎಲ್ಲರಿಗೂ ಕಂಬ ಎಡಗಡೆಗೇ ಉಳಿಯಿತು. ಕಂಬ ಅವರನ್ನು ಸೆಳೆಯುತ್ತಲೇ ಇರುವುದರಿಂದ ದೂರ ಓಡಿಹೋಗಲಾರರು, ಬಲಕ್ಕೆ ಸರಿಯುವುದರಿಂದ ನೇರ ಮುಟ್ಟಲೂ ಆರರು. ಹೀಗಾಗಿ ಎಲ್ಲರೂ ಅದನ್ನು ಅಪ್ರದಕ್ಷಿಣವಾಗಿ ಸುತ್ತತೊಡಗುತ್ತಾರೆ.

ಚಂಡಮಾರುತದಲ್ಲಿ ಆ ಕಂಬವೆಂದರೆ ವಾಯುಭಾರ ಕುಸಿದ ನಡುಭಾಗ. ಬೆಚ್ಚಗಿನ ಕಡಲಿನ ಮೇಲೆ ಗಾಳಿ ಬಿಸಿಯಾಗಿ ಆವಿಯೊಡನೆ ಮೇಲೇರಿದಾಗ ಅಲ್ಲಿ ಭಾರ ತಗ್ಗುತ್ತದೆ, ಸುತ್ತಣ ಗಾಳಿ ಆ ಕಡೆಗೆ ನುಗ್ಗುತ್ತದೆ. ಕಸುವು ಕೊಡುವುದು ಕಡಲಿನ ಬಿಸಿ ಮತ್ತು ಆವಿ. ಭೂಮಿಯ ತಿರುಗಾಟ ಸುತ್ತುವ ದಿಕ್ಕನ್ನು ಕೊಡುತ್ತದೆಯೇ ಹೊರತು ಕಸುವನ್ನಲ್ಲ. ದಕ್ಷಿಣಾರ್ಧದಲ್ಲಿ ಎಲ್ಲರೂ ಎಡಕ್ಕೆ ಸರಿಯುವುದರಿಂದ ಕಂಬ ಬಲಕ್ಕೆ ಉಳಿದು ಪ್ರದಕ್ಷಿಣೆಯಾಗುತ್ತದೆ. ಭೂಮಧ್ಯರೇಖೆಯ ತೀರ ಸಮೀಪದಲ್ಲಿ ಬಾಗುವಿಕೆ ಇಲ್ಲವೆನ್ನುವಷ್ಟು ಕಡಿಮೆ. ಗಾಳಿ ನೇರವಾಗಿ ನುಗ್ಗಿ ತಗ್ಗನ್ನು ತುಂಬಿಬಿಡುತ್ತದೆ. ಆದ್ದರಿಂದ ಆ ರೇಖೆಯ ಎರಡೂ ಬದಿಗೆ ಸುಮಾರು 5 ಡಿಗ್ರಿಯೊಳಗೆ ಚಂಡಮಾರುತ ಹುಟ್ಟುವುದು ಬಹಳ ಅಪರೂಪ.

ಈ ಬಾಗುವಿಕೆ ಎಷ್ಟು ಎಂದು ಕೇಳಿದರೆ, ಬಹಳ ಅಲ್ಪ. ನಮ್ಮ ಅಕ್ಷಾಂಶದಲ್ಲಿ ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ, ಬೇರಾವ ಅಡ್ಡಿಯೂ ಸೆಳೆತವೂ ಇಲ್ಲದಿದ್ದರೆ, ಒಂದು ಗಂಟೆಯಲ್ಲಿ ಸುಮಾರು 2 ಕಿಲೋಮೀಟರ್ ಬಲಕ್ಕೆ ಸರಿದಿರುತ್ತದೆ. ಮೊದಲ ಒಂದು ನಿಮಿಷದಲ್ಲಾದರೋ ಅರ್ಧ ಮೀಟರು ಮಾತ್ರ. ನೂರಾರು ಕಿಲೋಮೀಟರ್ ಅಗಲದ, ದಿನಗಟ್ಟಲೆ ಬಾಳುವ ಚಂಡಮಾರುತಕ್ಕೆ ಇದು ಸಾಕು. ಬೇಸಿಗೆಯಲ್ಲಿ ಕೊಯ್ದ ಗದ್ದೆಯಲ್ಲಿ ಎದ್ದು ತರಗೆಲೆ ಹಾರಿಸಿ ಅಡಗುವ ಸುಂಟರಗಾಳಿಗೆ ಸಾಲದು. ಅದು ಎಡಕ್ಕೂ ಸುತ್ತೀತು, ಬಲಕ್ಕೂ ಸುತ್ತೀತು. ಬಚ್ಚಲ ತೂಬಿನಲ್ಲಿ ಇಳಿಯುವ ನೀರಿನ ಸುಳಿಯೂ ಭೂಮಿಯ ತಿರುಗಾಟದಿಂದ ಎಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ. ಅಲ್ಲಿ ಸುಳಿಯ ದಿಕ್ಕನ್ನು ತೀರ್ಮಾನಿಸುವುದು ಬಚ್ಚಲ ಆಕಾರ ಮತ್ತು ನೀರು ಸುರಿದ ರೀತಿ.

ಇನ್ನು ಹಿರಿಯರ ಎರಡನೆಯ ಪ್ರಶ್ನೆ. ನಮ್ಮ ಕಡೆ ಗಾಳಿ ತಗ್ಗಿನ ನಡುವನ್ನು ಎಡಗಡೆಗೆ ಇಟ್ಟುಕೊಂಡು ಸುತ್ತುತ್ತದೆಂದ ಮೇಲೆ, ಗಾಳಿ ಹೋಗುವ ಕಡೆಗೇ ಮುಖ ಮಾಡಿ ನಿಂತರೆ ನಡುಭಾಗ ನಮ್ಮ ಎಡಗೈ ಕಡೆಗೇ ಇರಬೇಕು. ಗಾಳಿಗೆ ಬೆನ್ನು ಕೊಟ್ಟು ನಿಂತು ಎಡಗೈ ಚಾಚಿದರೆ ಅದು ಚಂಡಮಾರುತವಿರುವ ದಿಕ್ಕನ್ನು ತೋರಿಸುತ್ತದೆ. ನೆಲದ ತಡೆಯಿಂದ ಗಾಳಿ ಸ್ವಲ್ಪ ಒಳಕ್ಕೆ ವಾಲುವುದರಿಂದ ಕೈಯನ್ನು ತುಸು ಮುಂದಕ್ಕೆ ಹಿಡಿಯಬೇಕು. ಡಚ್ ವಿಜ್ಞಾನಿ ಬೈಸ್ ಬ್ಯಾಲೊ 1857ರಲ್ಲಿ ಇದನ್ನು ಪ್ರಕಟಿಸಿದರು, ಹಡಗಿನವರಿಗೆ ಇದು ಬಹುಕಾಲ ನೆರವಾಯಿತು.

ಕಾಟ್ಟಿಕುಳಂಗೆ ಇದನ್ನು ಹಚ್ಚಿ ನೋಡೋಣ. 2021ರ ಮೇ ಮಧ್ಯದಲ್ಲಿ ‘ತೌಕ್ತೆ’ ಚಂಡಮಾರುತ ಲಕ್ಷದ್ವೀಪದ ಬಳಿ ಎದ್ದು, ಕೇರಳ ಕರ್ನಾಟಕಗಳ ಕರಾವಳಿಗೆ ಸಮಾನಾಂತರವಾಗಿ ಉತ್ತರಕ್ಕೆ ಸಾಗಿ, ಮೇ 17ರ ರಾತ್ರಿ ಗುಜರಾತಿನಲ್ಲಿ ನೆಲ ಮುಟ್ಟಿತು. ಅದು ಅರಬ್ಬೀ ಸಮುದ್ರದಲ್ಲಿ ನಮಗೆ ಪಶ್ಚಿಮಕ್ಕಿದ್ದಾಗ ಸುತ್ತಿನ ಪೂರ್ವ ಭಾಗದ ಗಾಳಿ ನಮ್ಮ ಪಾಲಿಗೆ ಬಂತು. ಅದು ದಕ್ಷಿಣದಿಂದ ಉತ್ತರಕ್ಕೆ ಬೀಸುವ ಗಾಳಿ. ಅದಕ್ಕೆ ಬೆನ್ನು ಕೊಟ್ಟರೆ ಮುಖ ಉತ್ತರಕ್ಕೆ, ಎಡಗೈ ಪಶ್ಚಿಮದ ಕಡಲಿಗೆ. ಚಂಡಮಾರುತ ವಾಯವ್ಯಕ್ಕೆ ಸರಿದಂತೆ ಗಾಳಿ ನೈಋತ್ಯದಿಂದ ಬೀಸತೊಡಗುತ್ತದೆ. ಕಡಲ ಮೇಲಿನಿಂದ ಬಂದ ಆ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿ ಮಳೆ ಸುರಿಸುತ್ತದೆ. ಅಷ್ಟು ದೂರದ ಚಂಡಮಾರುತದಿಂದಲೂ ಕೇರಳದಲ್ಲಿ ಅಂದು ಮಳೆ ಹೊಡೆದದ್ದಕ್ಕೆ ಇದೂ ಒಂದು ಕಾರಣ.

ಕಾಫಿ ಹಣ್ಣು ಕಣದಲ್ಲಿರುವ ಕಾಲದಲ್ಲಿ, ನವೆಂಬರ್ ಡಿಸೆಂಬರಿನಲ್ಲಿ, ಹೆಚ್ಚಾಗಿ ಬಂಗಾಳ ಕೊಲ್ಲಿಯ ಕಡೆಗೆ ಗಮನವಿರಬೇಕು. ಚಂಡಮಾರುತ ನೇರ ಪೂರ್ವಕ್ಕಿದ್ದರೆ ನಮ್ಮಲ್ಲಿ ಗಾಳಿ ಉತ್ತರದಿಂದ. ಅದು ಒಳನಾಡಿಗೆ ಬಂದು ನಮ್ಮ ಉತ್ತರಕ್ಕೆ ಹಾಯ್ದರೆ ಗಾಳಿ ಉತ್ತರದಿಂದ ಪಶ್ಚಿಮಕ್ಕೆ, ಆಮೇಲೆ ನೈಋತ್ಯಕ್ಕೆ ತಿರುಗುತ್ತದೆ. ನಮ್ಮ ದಕ್ಷಿಣಕ್ಕೆ ಹಾಯ್ದರೆ ಈಶಾನ್ಯಕ್ಕೆ, ಪೂರ್ವಕ್ಕೆ, ಆಗ್ನೇಯಕ್ಕೆ ತಿರುಗುತ್ತದೆ. 2017ರ ನವೆಂಬರ್ 30ರಂದು ಕನ್ಯಾಕುಮಾರಿಯ ಬಳಿ ಬಲಗೊಂಡು ಲಕ್ಷದ್ವೀಪದತ್ತ ಹೋದ ‘ಒಖಿ’ ಹಾಯ್ದದ್ದು ನಮ್ಮ ದಕ್ಷಿಣಕ್ಕೆ.

ಆದರೆ ಮೂರು ಎಚ್ಚರ ಬೇಕು. ಬ್ರಹ್ಮಗಿರಿಯ ತಪ್ಪಲಿನ ಕಣಿವೆಗಳಲ್ಲಿ ಗಾಳಿ ಕಣಿವೆ ಇದ್ದತ್ತ ತಿರುಗುತ್ತದೆ. ಆದ್ದರಿಂದ ಮರದ ಎಲೆಯನ್ನು ನೋಡದೆ, ತೆರೆದ ಬಯಲಿನಲ್ಲಿ ನಿಂತು ತಗ್ಗಿನಲ್ಲಿ ಓಡುವ ಮೋಡವನ್ನು ನೋಡಬೇಕು. ಎರಡನೆಯದಾಗಿ, ಮುಂಗಾರಿನಲ್ಲಿ ಚಂಡಮಾರುತವಿಲ್ಲದೆಯೂ ಪಶ್ಚಿಮದ ಗಾಳಿ ಇದ್ದೇ ಇರುತ್ತದೆ, ಆಗ ಈ ಗುರುತನ್ನು ನಂಬಬಾರದು. ಮೂರನೆಯದಾಗಿ, ಎಡಗೈ ದಿಕ್ಕನ್ನು ತೋರಿಸುತ್ತದೆಯೇ ಹೊರತು ದೂರವನ್ನೂ ಬಲವನ್ನೂ ತೋರಿಸದು. ಅದಕ್ಕೆ ಹವಾಮಾನ ಇಲಾಖೆಯ ಮುನ್ಸೂಚನೆಯನ್ನೇ ಕೇಳಬೇಕು. ಮುನ್ಸೂಚನೆಯಲ್ಲಿ ಚಂಡಮಾರುತವಿದೆ ಎಂದ ದಿನ ಎಡಗೈ ಚಾಚಿ ನೋಡಿದರೆ, ಅದು ಯಾವ ಮಗ್ಗುಲಿಗೆ ಸರಿಯುತ್ತಿದೆ, ಕಣದ ಕಾಫಿಯನ್ನು ಬಾಚಿ ಮುಚ್ಚಬೇಕೆ ಎಂಬುದಕ್ಕೆ ಒಂದು ಆಧಾರ ಸಿಗುತ್ತದೆ.

ಇಷ್ಟನ್ನೂ ಕೇಳಿದ ಹಿರಿಯರು ಅಂಗಡಿಯ ಮುಂದೆಯೇ ಗಾಳಿಗೆ ಬೆನ್ನು ಕೊಟ್ಟು ನಿಂತು ಎಡಗೈ ಚಾಚಿದರು. “ಹಾಗಾದರೆ ಆಸ್ಟ್ರೇಲಿಯಾದಲ್ಲಿರುವ ನಮ್ಮ ಹುಡುಗ?” ಎಂದರು. ಅವನು ಬಲಗೈ ಚಾಚಬೇಕು ಎಂದೆವು.